ಒಂದೇ ಫಂಡ್, ಎರಡು ಬೆಲೆ: ಡೈರೆಕ್ಟ್ ಮತ್ತು ರೆಗ್ಯುಲರ್ ಪ್ಲಾನ್ ನಡುವಿನ ಹಣದ ಲೆಕ್ಕ

ಯಾವುದೇ ಮ್ಯೂಚುವಲ್ ಫಂಡ್ ಹೆಸರು ಹುಡುಕಿ ನೋಡಿ. ಒಂದೇ ಹೆಸರಿನಲ್ಲಿ ಎರಡು ಪ್ಲಾನ್ ಸಿಗುತ್ತವೆ. ಒಂದರ ಕೊನೆಯಲ್ಲಿ `Direct`, ಇನ್ನೊಂದರ ಕೊನೆಯಲ್ಲಿ `Regular` ಎಂದಿರುತ್ತದೆ. ಎರಡಕ್ಕೂ ಫಂಡ್ ಮ್ಯಾನೇಜರ್ ಒಬ್ಬರೇ. ಎರಡರ ಹಣವೂ ಒಂದೇ ರಾಶಿಯಲ್ಲಿದೆ, ಅದೇ ಕಂಪನಿಗಳ ಅದೇ ಷೇರುಗಳಲ್ಲಿದೆ. ಆದರೂ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, ಬೇರೆ ಬೇರೆ. ಹತ್ತು ವರ್ಷದ ಗಳಿಕೆಯೂ ಬೇರೆ ಬೇರೆ. ಡೈರೆಕ್ಟ್ ಯಾವಾಗಲೂ ಮುಂದೆ, ರೆಗ್ಯುಲರ್ ಯಾವಾಗಲೂ ಹಿಂದೆ.

ಈ ಅಂತರಕ್ಕೆ ಮುಖ್ಯ ಕಾರಣ ಒಂದೇ. ರೆಗ್ಯುಲರ್ ಪ್ಲಾನ್‌ನಲ್ಲಿ ಅದನ್ನು ಮಾರಿದವರಿಗೆ ಕಮಿಷನ್ ಹೋಗುತ್ತದೆ, ಡೈರೆಕ್ಟ್‌ನಲ್ಲಿ ಹೋಗುವುದಿಲ್ಲ. ಮಾರಿದವರು ನಿಮ್ಮ ಊರಿನ ಡಿಸ್ಟ್ರಿಬ್ಯೂಟರ್ ಇರಬಹುದು, ಬ್ಯಾಂಕಿನ ರಿಲೇಶನ್‌ಶಿಪ್ ಮ್ಯಾನೇಜರ್ ಇರಬಹುದು, ಮೊಬೈಲ್ ಆಪ್ ಕೂಡ ಇರಬಹುದು.

ಇಷ್ಟು ತುಂಬಾ ಜನಕ್ಕೆ ಗೊತ್ತು. ಆ ಕಮಿಷನ್ ಕಾಲ ಕಳೆದಂತೆ ಹೇಗೆ ಬೆಳೆಯುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ನನ್ನ ಪ್ರಕಾರ ಡೈರೆಕ್ಟ್ ಒಳ್ಳೆಯದಾ, ರೆಗ್ಯುಲರ್ ಒಳ್ಳೆಯದಾ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ನಿಮ್ಮ ಮೊತ್ತ ಎಷ್ಟು ದೊಡ್ಡದಾಗಿದೆ, ಅದಕ್ಕೆ ನೀವು ಈಗ ಎಷ್ಟು ರೂಪಾಯಿ ಕೊಡುತ್ತಿದ್ದೀರಿ, ಆ ರೂಪಾಯಿಗೆ ಏನು ಸಿಗುತ್ತಿದೆ ಎಂಬುದೇ ನಿಜವಾದ ಪ್ರಶ್ನೆ.

ಕಮಿಷನ್ ಕಣ್ಣಿಗೆ ಬೀಳುವುದಿಲ್ಲ, ಯಾಕೆ?

2009ರ ಆಗಸ್ಟ್‌ಗೆ ಮುಂಚೆ ಇದು ಎಲ್ಲರಿಗೂ ಕಾಣುತ್ತಿತ್ತು. ಈಕ್ವಿಟಿ ಫಂಡ್‌ಗೆ ಹಣ ಹಾಕಿದ ದಿನವೇ ಸಾಮಾನ್ಯವಾಗಿ 2.25% ಎಂಟ್ರಿ ಲೋಡ್ ಕಡಿತ ಆಗುತ್ತಿತ್ತು. ಲಕ್ಷ ರೂಪಾಯಿ ಹಾಕಿದರೆ ಸುಮಾರು 97,750 ರೂಪಾಯಿ ಮಾತ್ರ ಫಂಡ್‌ಗೆ ಹೋಗುತ್ತಿತ್ತು. ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ನಿಲ್ಲಿಸಿತು. ಮುಂದೆ 2013ರ ಜನವರಿ 1ರಿಂದ ಪ್ರತಿ ಫಂಡ್‌ಗೂ ಡೈರೆಕ್ಟ್ ಪ್ಲಾನ್ ಇರಲೇಬೇಕು ಎಂದು ನಿಯಮ ಮಾಡಿತು. 2018ರ ಅಕ್ಟೋಬರ್‌ನಲ್ಲಿ, ಮಾರಿದ ತಕ್ಷಣ ಒಟ್ಟಿಗೆ ಕೊಡುತ್ತಿದ್ದ ಮುಂಗಡ ಕಮಿಷನ್‌ಗೂ ತಡೆ ಹಾಕಿತು. ಈಗ ಉಳಿದಿರುವುದು ಟ್ರೇಲ್ ಕಮಿಷನ್. ಅಂದರೆ ನಿಮ್ಮ ಹಣ ಫಂಡ್‌ನಲ್ಲಿ ಇರುವಷ್ಟು ಕಾಲವೂ ಮಾರಿದವರಿಗೆ ಹೋಗುತ್ತಲೇ ಇರುವ ಕಮಿಷನ್.

ಈ ಟ್ರೇಲ್ ನಿಮ್ಮ ಬ್ಯಾಂಕ್ ಖಾತೆಯಿಂದ ಹೋಗುವುದಿಲ್ಲ. ಅದಕ್ಕೆ ಬಿಲ್ ಇಲ್ಲ, ಎಸ್‌ಎಂಎಸ್ ಬರುವುದಿಲ್ಲ. ಫಂಡ್ ನಡೆಸುವ ಎಲ್ಲ ಖರ್ಚನ್ನೂ ಸೇರಿಸಿ ಎಕ್ಸ್‌ಪೆನ್ಸ್ ರೇಷಿಯೋ ಎನ್ನುತ್ತಾರೆ. ಅದನ್ನು ವರ್ಷದ ಕೊನೆಗೆ ಒಮ್ಮೆಲೇ ಕಡಿಯುವುದಿಲ್ಲ. ದಿನಕ್ಕೆ ಇಷ್ಟು ಎಂದು ಹಂಚಿ, ಪ್ರತಿ ದಿನ ಫಂಡ್‌ನ ಆಸ್ತಿಯಿಂದ ಕಳೆದು, ಆಮೇಲೆ ಎನ್‌ಎವಿ ಪ್ರಕಟಿಸುತ್ತಾರೆ. ಹಾಗಾಗಿ ಸಂಜೆ ನೀವು ನೋಡುವ ಎನ್‌ಎವಿ ಕಮಿಷನ್ ಕಳೆದು ಉಳಿದ ಸಂಖ್ಯೆ. ಮಾರ್ಕೆಟ್ ಒಂದೇ ದಿನಕ್ಕೆ 1% ಏರಿಳಿಯುವಾಗ, ಅದೇ ದಿನ ಹೋಗುವ ಶೇಕಡಾ ಒಂದರ ಮುನ್ನೂರ ಅರವತ್ತೈದನೇ ಒಂದು ಭಾಗ ಯಾರ ಗಮನಕ್ಕೂ ಬರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಡೈರೆಕ್ಟ್ ಪ್ಲಾನ್‌ನ ಎನ್‌ಎವಿ ಜಾಸ್ತಿ ಇರುವುದನ್ನು ನೋಡಿ, "ಇದು ದುಬಾರಿ, ಯೂನಿಟ್ ಕಮ್ಮಿ ಬರುತ್ತವೆ" ಎಂದು ಕೆಲವರು ರೆಗ್ಯುಲರ್ ಆರಿಸುತ್ತಾರೆ. ಯೂನಿಟ್ ಎಷ್ಟು ಬಂತು ಎಂಬುದರಿಂದ ಲಾಭ ನಷ್ಟ ಆಗುವುದಿಲ್ಲ. ಹಾಕಿದ ಹಣ ಶೇಕಡಾ ಎಷ್ಟು ಬೆಳೆಯಿತು ಎಂಬುದಷ್ಟೇ ಲೆಕ್ಕ. ಡೈರೆಕ್ಟ್‌ನ ಎನ್‌ಎವಿ ಮೇಲಿರುವುದಕ್ಕೆ ಕಾರಣ ಅದರಿಂದ ಇಷ್ಟು ವರ್ಷ ಕಮ್ಮಿ ಕಡಿತ ಆಗಿರುವುದು.

ಈ ಎರಡು ಎನ್‌ಎವಿಗಳಿಂದಲೇ ನಿಮ್ಮ ಫಂಡ್‌ನ ನಿಜವಾದ ಅಂತರ ಕಂಡುಹಿಡಿಯಬಹುದು. 2013ಕ್ಕೂ ಮುಂಚಿನ ಫಂಡ್‌ಗಳಲ್ಲಿ ಡೈರೆಕ್ಟ್ ಪ್ಲಾನ್ ಶುರುವಾದಾಗ ಸಾಮಾನ್ಯವಾಗಿ ರೆಗ್ಯುಲರ್‌ನ ಎನ್‌ಎವಿಯಿಂದಲೇ ಹೊರಟಿತು. ಈಗ ಗ್ರೋಥ್ ಆಪ್ಷನ್‌ನಲ್ಲಿ ಡೈರೆಕ್ಟ್ ಎನ್‌ಎವಿ 250, ರೆಗ್ಯುಲರ್ 225 ಇದೆ ಎಂದುಕೊಳ್ಳಿ. ಅಂದರೆ 13 ವರ್ಷದಲ್ಲಿ ಡೈರೆಕ್ಟ್ ಸುಮಾರು 11% ಮುಂದೆ ಹೋಗಿದೆ, ವರ್ಷಕ್ಕೆ ಸುಮಾರು 0.8%. ಇದು ಆಪ್‌ನಲ್ಲಿ ಇವತ್ತು ಕಾಣುವ ಎಕ್ಸ್‌ಪೆನ್ಸ್ ರೇಷಿಯೋಗಿಂತ ನಂಬಿಕಸ್ತ ಅಳತೆ. ಯಾಕೆಂದರೆ ಆ ರೇಷಿಯೋ ಆಗಾಗ ಬದಲಾಗುತ್ತದೆ. ಎನ್‌ಎವಿಯಲ್ಲಿ ಮಾತ್ರ ಇಷ್ಟೂ ವರ್ಷದ ಕಡಿತ ಕೂಡಿಕೊಂಡಿರುತ್ತದೆ.

ಅಂತರ ಎಲ್ಲ ಫಂಡ್‌ಗೂ ಒಂದೇ ಅಲ್ಲ. ಫಂಡ್ ದೊಡ್ಡದಾದಂತೆ ಖರ್ಚಿನ ಮಿತಿ ಇಳಿಯಬೇಕು ಎಂಬುದು ಸೆಬಿ ನಿಯಮ. 2019ರ ಏಪ್ರಿಲ್‌ನಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಈಕ್ವಿಟಿ ಫಂಡ್‌ನ ಮೊದಲ 500 ಕೋಟಿಗೆ ಮಿತಿ 2.25% ಇತ್ತು, 50,000 ಕೋಟಿ ದಾಟಿದ ಭಾಗಕ್ಕೆ 1.05%. ಹಾಗಾಗಿ ತುಂಬಾ ದೊಡ್ಡ ಫಂಡ್‌ಗಳಲ್ಲಿ ಕಮಿಷನ್ ಕೊಡಲು ಜಾಗ ಕಮ್ಮಿ, ಸಣ್ಣ ಫಂಡ್‌ಗಳಲ್ಲಿ ಜಾಸ್ತಿ. ಯಾರಾದರೂ ನಿಮಗೆ ಹೆಸರೇ ಕೇಳದ ಸಣ್ಣ ಫಂಡ್ ಅಥವಾ ಎನ್‌ಎಫ್‌ಒ, ಅಂದರೆ ಈಗಷ್ಟೇ ಶುರುವಾಗುತ್ತಿರುವ ಫಂಡ್, ಒತ್ತಾಯ ಮಾಡಿ ಕೊಡುತ್ತಿದ್ದರೆ ಇದನ್ನು ನೆನಪಿಡಿ. 2025ರ ಡಿಸೆಂಬರ್‌ನಲ್ಲಿ ಸೆಬಿ ಈ ಲೆಕ್ಕದ ರೀತಿಯನ್ನೇ ಬದಲಿಸಲು ಒಪ್ಪಿಗೆ ಕೊಟ್ಟಿತು. ಜಿಎಸ್‌ಟಿಯಂಥ ತೆರಿಗೆಗಳನ್ನು ಹೊರಗಿಟ್ಟು ಬೇಸ್ ಎಕ್ಸ್‌ಪೆನ್ಸ್ ರೇಷಿಯೋ ಎಂದು ಬೇರೆಯಾಗಿ ತೋರಿಸುವ ಪದ್ಧತಿ ಅದು. ಇದರಿಂದ ಖರ್ಚು ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಡೈರೆಕ್ಟ್ ಮತ್ತು ರೆಗ್ಯುಲರ್ ನಡುವೆ ಕಮಿಷನ್ ಎಂಬ ಅಂತರ ಇದ್ದೇ ಇರುತ್ತದೆ.

ಹತ್ತು ಸಾವಿರದ ಎಸ್‌ಐಪಿ, ಇಪ್ಪತ್ತು ವರ್ಷ

ಒಂದು ಲೆಕ್ಕವನ್ನು ಪೂರ್ತಿ ನೋಡೋಣ. ಹಾಸನದ ಒಬ್ಬ ಶಿಕ್ಷಕಿ ತಿಂಗಳಿಗೆ 10,000 ರೂಪಾಯಿ ಎಸ್‌ಐಪಿ ಮಾಡುತ್ತಾರೆ ಎಂದುಕೊಳ್ಳಿ. 20 ವರ್ಷ ಬಿಡದೆ ಕಟ್ಟುತ್ತಾರೆ. ಒಟ್ಟು 24 ಲಕ್ಷ. ಡೈರೆಕ್ಟ್ ಪ್ಲಾನ್ ವರ್ಷಕ್ಕೆ 12% ಕೊಟ್ಟಿತು, ರೆಗ್ಯುಲರ್ 11% ಎಂದು ಇಟ್ಟುಕೊಳ್ಳೋಣ. ಮಾರ್ಕೆಟ್ ಹೀಗೆ ನೇರ ಗೆರೆಯಲ್ಲಿ ಬೆಳೆಯುವುದಿಲ್ಲ. ಆದರೆ ಅಂತರ ಅರ್ಥ ಆಗಲು ಇದು ಸಾಕು.

ಐದು ವರ್ಷಕ್ಕೆ ನೋಡಿದರೆ ಏನೂ ಅನ್ನಿಸುವುದಿಲ್ಲ. ಹತ್ತು ವರ್ಷಕ್ಕೆ ಡೈರೆಕ್ಟ್‌ನಲ್ಲಿ 22.4 ಲಕ್ಷ, ರೆಗ್ಯುಲರ್‌ನಲ್ಲಿ 21.2 ಲಕ್ಷ. ವ್ಯತ್ಯಾಸ ಒಂದು ಲಕ್ಷ ಚಿಲ್ಲರೆ. ಹದಿನೈದು ವರ್ಷಕ್ಕೆ ಅದು 3.9 ಲಕ್ಷ ಆಗುತ್ತದೆ. ಇಪ್ಪತ್ತು ವರ್ಷಕ್ಕೆ ಡೈರೆಕ್ಟ್ ಸುಮಾರು 92 ಲಕ್ಷ, ರೆಗ್ಯುಲರ್ ಸುಮಾರು 81.6 ಲಕ್ಷ. ವ್ಯತ್ಯಾಸ 10.4 ಲಕ್ಷ.

ಗಮನಿಸಿ, ಈ 10.4 ಲಕ್ಷದಲ್ಲಿ ಆರೂವರೆ ಲಕ್ಷ ಹುಟ್ಟಿದ್ದು ಕೊನೆಯ ಐದು ವರ್ಷದಲ್ಲಿ. "ನಾನು ಏಳೆಂಟು ವರ್ಷದಿಂದ ರೆಗ್ಯುಲರ್‌ನಲ್ಲೇ ಇದ್ದೀನಿ, ಅಂಥಾ ವ್ಯತ್ಯಾಸ ಏನೂ ಕಾಣಲಿಲ್ಲ" ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಅವರು ನೋಡಿದ ವರ್ಷಗಳಲ್ಲಿ ಅದು ನಿಜವಾಗಿಯೂ ಸಣ್ಣದು. ದೊಡ್ಡದಾಗುವ ವರ್ಷಗಳು ಇನ್ನೂ ಬಂದಿಲ್ಲ ಅಷ್ಟೇ.

ಈ ಹಣವೆಲ್ಲ ಡಿಸ್ಟ್ರಿಬ್ಯೂಟರ್ ಜೇಬಿಗೆ ಹೋಯಿತೇ? ಇಲ್ಲ. ಗಳಿಕೆ 12ರಿಂದ 11ಕ್ಕೆ ಇಳಿಯಬೇಕಾದರೆ ವರ್ಷಕ್ಕೆ ಮೊತ್ತದ ಸುಮಾರು 0.9% ಕಡಿತ ಆದರೆ ಸಾಕು. ಇಪ್ಪತ್ತು ವರ್ಷ ಹೀಗೆ ಕಡಿದ ಹಣ ಒಟ್ಟು ಸುಮಾರು 5 ಲಕ್ಷ. ಅದರಲ್ಲೂ ಒಂದು ಪಾಲು ಕಮಿಷನ್ ಮೇಲಿನ ತೆರಿಗೆ. ಉಳಿದ 5 ಲಕ್ಷಕ್ಕೂ ಜಾಸ್ತಿ ಹಣ ಯಾರ ಕೈಗೂ ಹೋಗಲಿಲ್ಲ. ಕಡಿದ ಹಣ ಫಂಡ್‌ನಲ್ಲೇ ಇದ್ದಿದ್ದರೆ ಅದು ಬೆಳೆಯುತ್ತಿತ್ತಲ್ಲ, ಆ ಬೆಳವಣಿಗೆ ಅದು. ಶಿಕ್ಷಕಿಗೆ ಅದು ಸಿಗಲಿಲ್ಲ, ಅಷ್ಟೇ.

ಒಟ್ಟಿಗೆ ಹಾಕಿದ ಹಣಕ್ಕೆ ಪೆಟ್ಟು ಇನ್ನೂ ಜಾಸ್ತಿ. ನಿವೃತ್ತಿಯಾದವರೊಬ್ಬರು 10 ಲಕ್ಷ ಒಮ್ಮೆಲೇ ಹಾಕಿ 20 ವರ್ಷ ಬಿಟ್ಟರೆ, ಇದೇ ಲೆಕ್ಕದಲ್ಲಿ ಡೈರೆಕ್ಟ್ 96.5 ಲಕ್ಷ, ರೆಗ್ಯುಲರ್ 80.6 ಲಕ್ಷ. ಕೊನೆಯ ಮೊತ್ತದ 16% ಹೋಯಿತು. ಎಸ್‌ಐಪಿಯಲ್ಲಿ 11% ಮಾತ್ರ ಹೋಗಿತ್ತು, ಯಾಕೆಂದರೆ ಅಲ್ಲಿ ಕಂತುಗಳು ಸರಾಸರಿ ಹತ್ತು ವರ್ಷದಷ್ಟು ಕಾಲ ಮಾತ್ರ ಫಂಡ್‌ನಲ್ಲಿರುತ್ತವೆ. ಮಾರ್ಕೆಟ್ 12 ಕೊಡಲಿ, 9 ಕೊಡಲಿ, ಈ ಶೇಕಡಾವಾರು ಪಾಲು ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಗಳಿಕೆ ಕಮ್ಮಿ ಇರುವ ಕಡೆ ಇದು ಇನ್ನೂ ಭಾರ. 7% ಕೊಡುವ ಡೆಟ್ ಫಂಡ್‌ನಲ್ಲಿ 0.7% ಅಂತರ ಇದ್ದರೆ, ಆ ವರ್ಷದ ಆದಾಯದಲ್ಲಿ ಹತ್ತನೇ ಒಂದು ಭಾಗವೇ ಹೋಯಿತು.

ಕೆಲಸ ಮೊದಲು, ದುಡ್ಡು ಆಮೇಲೆ

ಈಗ ಅದೇ ಶಿಕ್ಷಕಿಯ ಲೆಕ್ಕವನ್ನು ಡಿಸ್ಟ್ರಿಬ್ಯೂಟರ್ ಕಡೆಯಿಂದ ನೋಡೋಣ. ಹೀಗೆ ನೋಡುವವರು ಕಮ್ಮಿ. ಆದರೆ ಇಡೀ ವಿಷಯ ಬಿಡಿಸಿಕೊಳ್ಳುವುದು ಇಲ್ಲೇ.

ಮೊದಲ ವರ್ಷ ಡಿಸ್ಟ್ರಿಬ್ಯೂಟರ್ ಮನೆಗೆ ಬರುತ್ತಾರೆ. ಕೆವೈಸಿ ಮಾಡಿಸುತ್ತಾರೆ, ಬ್ಯಾಂಕ್ ಮ್ಯಾಂಡೇಟ್ ಹಾಕಿಸುತ್ತಾರೆ, ನಾಮಿನಿ ಹೆಸರು ತುಂಬಿಸುತ್ತಾರೆ. ಎಸ್‌ಐಪಿ ಅಂದರೇನು, ಮಾರ್ಕೆಟ್ ಬಿದ್ದರೆ ಏನಾಗುತ್ತದೆ ಎಂದು ಗಂಟೆಗಟ್ಟಲೆ ವಿವರಿಸುತ್ತಾರೆ. ಆ ವರ್ಷ ಈ ಖಾತೆಯಿಂದ ಕಡಿತವಾಗುವುದು ಸುಮಾರು 600 ರೂಪಾಯಿ. ಪೆಟ್ರೋಲ್ ಖರ್ಚೂ ಹುಟ್ಟುವುದಿಲ್ಲ. ಐದನೇ ವರ್ಷ ಅದು ಆರು ಸಾವಿರ ಚಿಲ್ಲರೆ ಆಗುತ್ತದೆ. ಹತ್ತನೇ ವರ್ಷ ಸುಮಾರು 18 ಸಾವಿರ. ಇಪ್ಪತ್ತನೇ ವರ್ಷ ಹತ್ತಿರ ಹತ್ತಿರ 70 ಸಾವಿರ. ಆ ಹೊತ್ತಿಗೆ ಮಾಡಲು ಕೆಲಸ ಬಹುತೇಕ ಏನೂ ಉಳಿದಿರುವುದಿಲ್ಲ. ಎಸ್‌ಐಪಿ ತಾನಾಗಿಯೇ ಹೋಗುತ್ತಿರುತ್ತದೆ, ಶಿಕ್ಷಕಿಗೆ ಮಾರ್ಕೆಟ್ ಅಭ್ಯಾಸವಾಗಿರುತ್ತದೆ.

ಶೇಕಡಾವಾರು ಕಮಿಷನ್‌ನ ತೊಂದರೆ ಇದೇ. ಅದು ಮಾಡಿದ ಕೆಲಸವನ್ನು ಅಳೆಯುವುದಿಲ್ಲ, ಇರುವ ಮೊತ್ತವನ್ನು ಅಳೆಯುತ್ತದೆ. ಶುರುವಿನಲ್ಲಿ ಡಿಸ್ಟ್ರಿಬ್ಯೂಟರ್‌ಗೆ ನಷ್ಟ, ಕೊನೆಯಲ್ಲಿ ಹೂಡಿಕೆದಾರರಿಗೆ ನಷ್ಟ. ಹಾಗಾಗಿ ಸಣ್ಣ ಊರಿನ ಒಳ್ಳೆಯ ಡಿಸ್ಟ್ರಿಬ್ಯೂಟರ್ ಬಗ್ಗೆ ನನಗೆ ಗೌರವ ಇದೆ. 2,000 ರೂಪಾಯಿ ಎಸ್‌ಐಪಿಯವರ ಮನೆಗೆ ಹೋಗಿ ಕಾಗದ ತುಂಬಿಸುವ ಕೆಲಸವನ್ನು ಬೇರೆ ಯಾರೂ ಮಾಡುವುದಿಲ್ಲ. ಅದೇ ವೇಳೆ, 60 ಲಕ್ಷ ಮೊತ್ತದವರಿಂದ ವರ್ಷಕ್ಕೆ 50 ಸಾವಿರ ಪಡೆದು ದೀಪಾವಳಿಗೆ ಒಂದು ಶುಭಾಶಯ ಮಾತ್ರ ಕಳಿಸುವ ಬ್ಯಾಂಕಿನ ಬಗ್ಗೆ ಆ ಗೌರವ ಇಲ್ಲ.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ಕಮಿಷನ್ ಪಡೆಯದೆ, ನಿಮ್ಮಿಂದ ನೇರವಾಗಿ ಫೀ ಪಡೆದು ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿತ ಇನ್ವೆಸ್ಟ್‌ಮೆಂಟ್ ಅಡ್ವೈಸರ್‌ಗಳು. ಅವರು ವರ್ಷಕ್ಕೆ 15,000 ರೂಪಾಯಿ ಕೇಳುತ್ತಾರೆ ಎಂದುಕೊಳ್ಳಿ. 0.9% ಕಡಿತ 15,000 ಆಗುವುದು ಮೊತ್ತ 16-17 ಲಕ್ಷ ತಲುಪಿದಾಗ. ಅದಕ್ಕಿಂತ ಕೆಳಗೆ, ಸಲಹೆ ಬೇಕೇ ಬೇಕು ಎನ್ನುವವರಿಗೆ ರೆಗ್ಯುಲರ್ ಪ್ಲಾನ್ ಅಗ್ಗ. ಅದಕ್ಕಿಂತ ಮೇಲೆ ಡೈರೆಕ್ಟ್ ಪ್ಲಾನ್ ತೆಗೆದುಕೊಂಡು ಫೀ ಕೊಡುವುದೇ ಅಗ್ಗ, ಮೊತ್ತ ಬೆಳೆದಂತೆ ಇನ್ನೂ ಅಗ್ಗ. ಇಂಥ ಸಲಹೆಗಾರರು ದೇಶದಲ್ಲಿ ತೀರಾ ಕಮ್ಮಿ, ಅದರಲ್ಲೂ ಹೆಚ್ಚಿನವರು ಬೆಂಗಳೂರಿನಂಥ ದೊಡ್ಡ ನಗರಗಳಲ್ಲೇ ಇದ್ದಾರೆ ಎಂಬುದು ನಿಜವಾದ ಅಡಚಣೆ. ಆನ್‌ಲೈನ್‌ನಲ್ಲಿ ಮಾತಾಡಲು ಒಪ್ಪುವವರಿಗೆ ಮಾತ್ರ ಅದು ಅಷ್ಟು ಅಡ್ಡಿ ಆಗುವುದಿಲ್ಲ. ಸಲಹೆಯೇ ಬೇಡ, ಒಂದೆರಡು ಇಂಡೆಕ್ಸ್ ಫಂಡ್‌ನಲ್ಲಿ ಎಸ್‌ಐಪಿ ಹಾಕಿ ಸುಮ್ನೆ ಬಿಡುತ್ತೇನೆ ಎನ್ನುವವರಿಗೆ ರೆಗ್ಯುಲರ್‌ಗೆ ಮೊದಲ ದಿನದಿಂದಲೂ ಕಾರಣವೇ ಇಲ್ಲ. ಅಲ್ಲಿ ಆರಿಸಿ ಕೊಡಲು ಏನೂ ಇರುವುದಿಲ್ಲ.

ಒಂದು ಹೆದರಿಕೆಯ ಬೆಲೆ

ಡಿಸ್ಟ್ರಿಬ್ಯೂಟರ್‌ಗಳು ತಮ್ಮ ಪರವಾಗಿ ಒಂದು ಮಾತು ಹೇಳುತ್ತಾರೆ. "ಡೈರೆಕ್ಟ್‌ನಲ್ಲಿ ಒಂದು ಪರ್ಸೆಂಟ್ ಉಳಿಸುತ್ತೀರಿ, ಮಾರ್ಕೆಟ್ ಬಿದ್ದಾಗ ಹೆದರಿ ಮಾರಿ ಅದರ ಹತ್ತರಷ್ಟು ಕಳೆದುಕೊಳ್ಳುತ್ತೀರಿ" ಎಂದು. ಇದು ಸುಮ್ನೆ ಹೇಳುವ ಮಾತೋ, ಲೆಕ್ಕಕ್ಕೆ ನಿಲ್ಲುತ್ತದೋ ಎಂದು ನೋಡಬೇಕು.

2020ರ ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಮುಗಿಯಿತು. ಜನವರಿಯ ಎತ್ತರದಿಂದ ಸುಮಾರು 38% ಕೆಳಗೆ. ಲಾಕ್‌ಡೌನ್ ಶುರುವಾಗುತ್ತಿತ್ತು, ಮುಂದೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಹೆದರಿ ಪೂರ್ತಿ ಮಾರಿದವರು, ಎರಡು ತಿಂಗಳಾದ ಮೇಲೆ ಧೈರ್ಯ ಬಂದು ಮತ್ತೆ ಹಾಕಿದರು ಎಂದುಕೊಳ್ಳಿ. ಮೇ 22ರ ಹೊತ್ತಿಗೆ ನಿಫ್ಟಿ 9,000ದ ಆಸುಪಾಸಿನಲ್ಲಿತ್ತು. 7,610ಕ್ಕೆ ಮಾರಿ 9,000ಕ್ಕೆ ಕೊಂಡರೆ ಅದೇ ಹಣಕ್ಕೆ 15% ಕಮ್ಮಿ ಯೂನಿಟ್ ಬರುತ್ತವೆ. ಆ 15% ಮತ್ತೆ ಸಿಗುವುದಿಲ್ಲ. ಮುಂದೆ ಎಷ್ಟೇ ವರ್ಷ ಹೋದರೂ ಆ ಭಾಗ ಕಮ್ಮಿಯೇ.

ಈಗ ನಮ್ಮ ಶಿಕ್ಷಕಿ ಡೈರೆಕ್ಟ್ ಪ್ಲಾನ್‌ನಲ್ಲಿದ್ದು, ಹತ್ತನೇ ವರ್ಷದ ಕೊನೆಯಲ್ಲಿ ಇಂಥದ್ದೇ ಒಂದು ತಪ್ಪು ಮಾಡಿದರು ಎಂದುಕೊಳ್ಳೋಣ. ಆಗ ಅವರ ಬಳಿ ಇದ್ದದ್ದು 22.4 ಲಕ್ಷ. ಅದು ಇಪ್ಪತ್ತನೇ ವರ್ಷಕ್ಕೆ 69.6 ಲಕ್ಷ ಆಗಬೇಕಿತ್ತು. 15% ಯೂನಿಟ್ ಕಳೆದುಕೊಂಡರೆ ಅದರಲ್ಲಿ 10.4 ಲಕ್ಷ ಹೋಯಿತು. ಅಂದರೆ ಇಪ್ಪತ್ತು ವರ್ಷ ಡೈರೆಕ್ಟ್‌ನಲ್ಲಿದ್ದು ಉಳಿಸಬೇಕಿದ್ದ ಅಷ್ಟೂ ಹಣ, ಎರಡೇ ತಿಂಗಳ ಒಂದು ಹೆದರಿಕೆಗೆ ಸಮ. ಮಾರಿದಾಗ ಬರುವ ತೆರಿಗೆ ಇದಕ್ಕೆ ಸೇರಿಲ್ಲ.

ಹಾಗಾಗಿ ಡಿಸ್ಟ್ರಿಬ್ಯೂಟರ್‌ಗಳ ಮಾತು ಲೆಕ್ಕಕ್ಕೆ ನಿಲ್ಲುತ್ತದೆ. ಆದರೆ ಒಂದು ಷರತ್ತಿನ ಮೇಲೆ. ಮಾರ್ಕೆಟ್ ಬಿದ್ದಾಗ ಅವರು ನಿಜವಾಗಿಯೂ ಫೋನ್ ಮಾಡಿ, ನಿಮ್ಮನ್ನು ತಡೆದಿರಬೇಕು. ನಿಮ್ಮ ಡಿಸ್ಟ್ರಿಬ್ಯೂಟರ್ 2020ರ ಮಾರ್ಚ್‌ನಲ್ಲಿ ಏನು ಮಾಡಿದರು ಎಂದು ನೆನಪಿಸಿಕೊಳ್ಳಿ. "ಸರ್, ಏನೂ ಮಾಡಬೇಡಿ, ಎಸ್‌ಐಪಿ ನಿಲ್ಲಿಸಬೇಡಿ" ಎಂದು ಹೇಳಿದ್ದರೆ, ನೀವು ನಿಲ್ಲಿಸದೆ ಇದ್ದಿದ್ದರೆ, ಅವರು ತಮ್ಮ ಕಮಿಷನ್ ಸಂಪಾದಿಸಿದ್ದಾರೆ. ಫೋನೇ ಬರದಿದ್ದರೆ, ಅಥವಾ ನೀವೇ ಯಾರನ್ನೂ ಕೇಳದೆ ಧೈರ್ಯವಾಗಿ ಕೂತಿದ್ದರೆ, ಆ ಸೇವೆಗೆ ನೀವು ಕೊಡುತ್ತಿರುವ ಹಣಕ್ಕೆ ಅರ್ಥ ಇಲ್ಲ.

ಕೆಟ್ಟ ಸಲಹೆ ಹೇಗಿರುತ್ತದೆ ಎಂಬುದೂ ಗೊತ್ತಿರಲಿ. ಎರಡು ಮೂರು ವರ್ಷಕ್ಕೊಮ್ಮೆ "ಈ ಫಂಡ್ ಸರಿ ಇಲ್ಲ, ಹೊಸದಕ್ಕೆ ಹೋಗೋಣ" ಎಂದು ಬದಲಿಸುತ್ತಿದ್ದರೆ ಎಚ್ಚರ. ಮುಂಗಡ ಕಮಿಷನ್ ಹೋದ ಮೇಲೆ ಇದು ಕಮ್ಮಿಯಾಗಿದೆ, ಪೂರ್ತಿ ನಿಂತಿಲ್ಲ. ಯಾಕೆಂದರೆ ಒಂದು ಫಂಡ್ 0.6% ಟ್ರೇಲ್ ಕೊಟ್ಟು ಇನ್ನೊಂದು 1.2% ಕೊಡುತ್ತಿದ್ದರೆ, ನಿಮ್ಮನ್ನು ಅಲ್ಲಿಗೆ ಸಾಗಿಸುವ ಆಸೆ ಹಾಗೇ ಇರುತ್ತದೆ. ಪ್ರತಿ ಬದಲಾವಣೆಗೂ ತೆರಿಗೆ ಕಟ್ಟುವವರು ನೀವು.

ನೀವು ಎಷ್ಟು ಕೊಡುತ್ತಿದ್ದೀರಿ? ಉತ್ತರ ಇಮೇಲ್‌ನಲ್ಲೇ ಇದೆ

ಇದನ್ನು ಅಂದಾಜು ಮಾಡಬೇಕಿಲ್ಲ. ನಿಮ್ಮ ಎಲ್ಲ ಫಂಡ್‌ಗಳನ್ನು ಒಟ್ಟಿಗೆ ತೋರಿಸುವ ಸಿಎಎಸ್ ಸ್ಟೇಟ್‌ಮೆಂಟ್ ಇದೆಯಲ್ಲ, ಅದರ ಅರ್ಧವಾರ್ಷಿಕ ಪ್ರತಿಯಲ್ಲಿ ಡಿಸ್ಟ್ರಿಬ್ಯೂಟರ್‌ಗೆ ಹೋದ ಕಮಿಷನ್ ರೂಪಾಯಿಗಳಲ್ಲೇ ಇರಬೇಕು ಎಂದು 2016ರ ಅಕ್ಟೋಬರ್‌ನಿಂದ ಸೆಬಿ ನಿಯಮ ಇದೆ. ಮಾರ್ಚ್ ಮತ್ತು ಸೆಪ್ಟೆಂಬರ್‌ಗೆ ಮುಗಿಯುವ ಆರು ತಿಂಗಳ ಲೆಕ್ಕ ಅದು. ಪ್ರತಿ ಫಂಡ್‌ನ ಎದುರು ಹೋದ ಕಮಿಷನ್, ಜತೆಗೆ ನೀವು ಹಣ ಹಾಕಿರುವ ಪ್ಲಾನ್‌ನ ಸರಾಸರಿ ಖರ್ಚು ಕೂಡ ಇರುತ್ತದೆ. ಪಾಸ್‌ವರ್ಡ್ ಹಾಕಿ ತೆರೆಯುವ ಆ ಪಿಡಿಎಫ್ ಅನ್ನು ಹೆಚ್ಚಿನವರು ತೆರೆಯುವುದೇ ಇಲ್ಲ. ತೆರೆದು, ಎರಡು ಆರು ತಿಂಗಳ ಮೊತ್ತ ಕೂಡಿಸಿ. ಅದೇ ನೀವು ವರ್ಷಕ್ಕೆ ಕೊಡುತ್ತಿರುವ ಫೀ.

ಅದೇ ಸ್ಟೇಟ್‌ಮೆಂಟ್‌ನಲ್ಲಿ ಫಂಡ್ ಹೆಸರಿನ ಹತ್ತಿರ ಡಿಸ್ಟ್ರಿಬ್ಯೂಟರ್‌ನ `ARN` ಸಂಖ್ಯೆ ಇದೆಯೋ, `DIRECT` ಎಂದಿದೆಯೋ ನೋಡಿ. ಆಪ್ ಮೂಲಕ ಹಾಕಿದ್ದೇವೆ, ಹಾಗಾಗಿ ಡೈರೆಕ್ಟ್ ಎಂದು ಅಂದುಕೊಳ್ಳಬೇಡಿ. ಕೆಲವು ಆಪ್‌ಗಳು ರೆಗ್ಯುಲರ್ ಪ್ಲಾನ್ ಮಾರುತ್ತವೆ, ಬ್ಯಾಂಕ್ ಆಪ್‌ಗಳಲ್ಲಿ ಇದು ಸಾಮಾನ್ಯ. ಬಳಸಲು ಉಚಿತ ಎಂದು ಕಾಣುವುದು ಕಮಿಷನ್ ಒಳಗೇ ಸೇರಿರುವುದರಿಂದ.

ಬದಲಿಸುವುದಾದರೆ

ಹೊಸ ಕಂತುಗಳ ಮಟ್ಟಿಗೆ ಕೆಲಸ ಸುಲಭ. ರೆಗ್ಯುಲರ್‌ನ ಎಸ್‌ಐಪಿ ನಿಲ್ಲಿಸಿ, ಅದೇ ಫಂಡ್‌ನ ಡೈರೆಕ್ಟ್‌ನಲ್ಲಿ ಹೊಸ ಎಸ್‌ಐಪಿ ಶುರು ಮಾಡಿ. ಇದಕ್ಕೆ ತೆರಿಗೆ ಇಲ್ಲ, ದಂಡ ಇಲ್ಲ.

ಹಳೆಯ ಯೂನಿಟ್‌ಗಳ ಬಗ್ಗೆ ಯೋಚಿಸಬೇಕು. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಸ್ವಿಚ್ ಮಾಡುವುದು ಒಂದೇ ಫಂಡ್ ಒಳಗೆ ಆದರೂ ಆದಾಯ ತೆರಿಗೆ ಕಣ್ಣಿಗೆ ಅದು ಮಾರಾಟ. ಈಕ್ವಿಟಿ ಫಂಡ್‌ನಲ್ಲಿ ವರ್ಷ ತುಂಬದ ಯೂನಿಟ್‌ಗಳಿಗೆ ಲಾಭದ ಮೇಲೆ 20%, ಜತೆಗೆ ಬೇಗ ತೆಗೆದದ್ದಕ್ಕೆ ಸಾಮಾನ್ಯವಾಗಿ 1% ಎಕ್ಸಿಟ್ ಲೋಡ್. ವರ್ಷ ದಾಟಿದ್ದಕ್ಕೆ 12.5%, ಅದೂ ಒಂದು ಹಣಕಾಸು ವರ್ಷದಲ್ಲಿ 1.25 ಲಕ್ಷ ದಾಟಿದ ಲಾಭಕ್ಕೆ ಮಾತ್ರ. ತೆರಿಗೆ ಉಳಿಸಲು ಹಾಕುವ ಇಎಲ್‌ಎಸ್‌ಎಸ್ ಫಂಡ್ ಆದರೆ ಪ್ರತಿ ಕಂತಿಗೂ ಮೂರು ವರ್ಷ ಮುಗಿಯುವವರೆಗೆ ಕದಲಿಸಲು ಆಗುವುದಿಲ್ಲ.

ಒಬ್ಬರು 7 ಲಕ್ಷ ಹಾಕಿ ಈಗ 12 ಲಕ್ಷ ಆಗಿದೆ ಎಂದುಕೊಳ್ಳಿ. ಎಲ್ಲ ಯೂನಿಟ್‌ಗೂ ವರ್ಷ ದಾಟಿದೆ, ಬೇರೆ ಕಡೆ ಇಂಥ ಲಾಭ ಇಲ್ಲ. ಒಮ್ಮೆಲೇ ಬದಲಿಸಿದರೆ 5 ಲಕ್ಷ ಲಾಭದಲ್ಲಿ 1.25 ಲಕ್ಷ ಬಿಟ್ಟು 3.75 ಲಕ್ಷಕ್ಕೆ ತೆರಿಗೆ. ಸೆಸ್ ಸೇರಿ 48,750 ರೂಪಾಯಿ. ಬದಲಿಸಿದ್ದರಿಂದ ವರ್ಷಕ್ಕೆ ಉಳಿಯುವುದು ಮೊದಲಿಗೆ ಸುಮಾರು 10,800. ನಾಲ್ಕೂವರೆ ವರ್ಷದಲ್ಲಿ ತೆರಿಗೆಯ ಹಣ ವಾಪಸ್ ಬಂದಂತೆ. ನಿಜ ಹೇಳಬೇಕೆಂದರೆ ಇನ್ನೂ ಬೇಗ, ಏಕೆಂದರೆ ಈ ತೆರಿಗೆಯನ್ನು ಮುಂದೆ ಯಾವಾಗಲಾದರೂ ಕಟ್ಟಲೇಬೇಕಿತ್ತು. ಈಗ ಕಟ್ಟಿದರೆ ಹೊಸ ಯೂನಿಟ್‌ಗಳ ಕೊಂಡ ಬೆಲೆ 12 ಲಕ್ಷ ಎಂದಾಗುತ್ತದೆ. ಇನ್ನೂ ಹತ್ತು ವರ್ಷ ಮುಟ್ಟದ ಹಣ ಆದರೆ ಬದಲಿಸುವುದು ಸರಿ. ಎರಡು ವರ್ಷದಲ್ಲಿ ಮಗಳ ಮದುವೆಗೆ ಬೇಕಾದ ಹಣ ಆದರೆ ಇದ್ದಲ್ಲೇ ಬಿಡಿ.

ಅವಸರ ಇಲ್ಲದವರು ತೆರಿಗೆಯನ್ನೂ ತಪ್ಪಿಸಬಹುದು. ಮೊದಲು ಕೊಂಡ ಯೂನಿಟ್ ಮೊದಲು ಹೋಗುತ್ತದೆ ಎಂಬ ಲೆಕ್ಕ ಇಲ್ಲಿದೆ. ಹಳೆಯ ಯೂನಿಟ್‌ಗಳ ಬೆಲೆ ಎರಡರಷ್ಟಾಗಿದ್ದರೆ, 2.5 ಲಕ್ಷದ ಯೂನಿಟ್ ಬದಲಿಸಿದಾಗ ಲಾಭ 1.25 ಲಕ್ಷ ಮಾತ್ರ. ಮಾರ್ಚ್ ಕೊನೆಯಲ್ಲಿ ಅಷ್ಟು, ಏಪ್ರಿಲ್ ಮೊದಲ ವಾರದಲ್ಲಿ ಇನ್ನಷ್ಟು ಬದಲಿಸಿದರೆ ಎರಡು ಹಣಕಾಸು ವರ್ಷಗಳ ವಿನಾಯಿತಿ ಸಿಕ್ಕಿ, ಒಟ್ಟು 5 ಲಕ್ಷ ತೆರಿಗೆ ಇಲ್ಲದೆ ಆ ಕಡೆ ಹೋಗುತ್ತದೆ. ಉಳಿದದ್ದು ಮುಂದಿನ ವರ್ಷಗಳಿಗೆ. ಒಂದೇ ಫಂಡ್ ಒಳಗಿನ ಸ್ವಿಚ್ ಆದ್ದರಿಂದ ಎರಡೂ ಕಡೆ ಸಾಮಾನ್ಯವಾಗಿ ಅದೇ ದಿನದ ಎನ್‌ಎವಿ ಸಿಗುತ್ತದೆ, ನಡುವೆ ಮಾರ್ಕೆಟ್‌ನಿಂದ ಹೊರಗೆ ಉಳಿಯುವ ಭಯ ಇಲ್ಲ. ಆದರೆ ಬದಲಿಸಿದ ದಿನದಿಂದ ಒಂದು ವರ್ಷದ ಲೆಕ್ಕ ಮತ್ತೆ ಶುರುವಾಗುತ್ತದೆ. ಆ ವರ್ಷದೊಳಗೆ ತೆಗೆದರೆ ಎಕ್ಸಿಟ್ ಲೋಡ್ ಮತ್ತು 20% ತೆರಿಗೆ ಎರಡೂ ಬರುತ್ತವೆ. ತುರ್ತಿಗೆ ಬೇಕಾದ ಭಾಗವನ್ನು ಬದಲಿಸಬೇಡಿ.

ಇನ್ನೊಂದು ಎಡವಟ್ಟು ನಡೆಯುತ್ತದೆ. ಡಿಸ್ಟ್ರಿಬ್ಯೂಟರ್ ಮೇಲೆ ಬೇಸರವಾಗಿ, ಅವರ `ARN` ತೆಗೆಸಿದರೆ ಸಾಕು, ಕಮಿಷನ್ ನಿಲ್ಲುತ್ತದೆ, ನಮಗೆ ಉಳಿಯುತ್ತದೆ ಎಂದು ಕೆಲವರು ಅಂದುಕೊಳ್ಳುತ್ತಾರೆ. ಹೆಸರು ಹೋದರೂ ಯೂನಿಟ್‌ಗಳು ರೆಗ್ಯುಲರ್ ಪ್ಲಾನ್‌ನಲ್ಲೇ ಇರುತ್ತವೆ, ರೆಗ್ಯುಲರ್‌ನ ಖರ್ಚೇ ಕಡಿತ ಆಗುತ್ತಿರುತ್ತದೆ. ಸೇವೆಯೂ ಇಲ್ಲ, ಉಳಿತಾಯವೂ ಇಲ್ಲ. ಪ್ಲಾನ್ ಬದಲಿಸಲು ಸ್ವಿಚ್ ಅರ್ಜಿಯನ್ನೇ ಕೊಡಬೇಕು. ಫಂಡ್ ಕಂಪನಿಯ ವೆಬ್‌ಸೈಟ್‌ನಲ್ಲಿ, ಎಂಎಫ್ ಸೆಂಟ್ರಲ್‌ನಲ್ಲಿ, ಅಥವಾ ಫಂಡ್‌ಗಳ ದಾಖಲೆ ನೋಡಿಕೊಳ್ಳುವ ಕ್ಯಾಮ್ಸ್ ಇಲ್ಲವೇ ಕೆಫಿನ್‌ಟೆಕ್ ಕಚೇರಿಯಲ್ಲಿ ಅದನ್ನು ಕೊಡಬಹುದು. ಕೆಲಸ ಆದ ಮೇಲೆ ಹೊಸ ಸ್ಟೇಟ್‌ಮೆಂಟ್ ತರಿಸಿ, ಫಂಡ್ ಹೆಸರಿನ ಕೊನೆಯಲ್ಲಿ `Direct` ಬಂದಿದೆಯೇ, ನಾಮಿನಿ ಹೆಸರು ಹಾಗೇ ಇದೆಯೇ ಎಂದು ನೋಡಿಕೊಳ್ಳಿ. ಇನ್ನು ಮುಂದೆ ಆ ಕಾಗದಗಳನ್ನು ನೋಡಿಕೊಳ್ಳುವ ಕೆಲಸ ನಿಮ್ಮದೇ. ಆದ್ದರಿಂದ ಯಾವ ಫಂಡ್‌ನಲ್ಲಿ ಎಷ್ಟಿದೆ, ಫೋಲಿಯೋ ಸಂಖ್ಯೆ ಏನು ಎಂದು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೂ ತೋರಿಸಿಡಿ.